ರಿಫಂಡ್ ಬಂತು, ಬೋನಸ್ ಬಂತು, ಜೂನ್ ತಿಂಗಳ ಸ್ಕೂಲ್ ಫೀಸಿಗೆ ಮಾತ್ರ ದುಡ್ಡಿಲ್ಲ

ನಾನು ಮಂಗಳೂರಲ್ಲಿ ಹಂಪನಕಟ್ಟೆ ಹತ್ತಿರ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡುದು, 11 ವರ್ಷ ಆಯ್ತು. ಜುಲೈ ಇಡೀ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡುವ ಗಡಿಬಿಡಿ, ಅದು ಮುಗಿದು ಆಗಸ್ಟ್ ಬಂತು ಅಂದ್ರೆ ಫೋನ್ ಶುರು, "ಮೇಡಂ, ರಿಫಂಡ್ ಬಂತು!" ಅಂತ. ಸಂಬಳ ಬಂತು ಅಂತ ಹೀಗೆ ಖುಷಿಯಲ್ಲಿ ಫೋನ್ ಮಾಡಿದವರನ್ನು ನಾನು ಈ 11 ವರ್ಷದಲ್ಲಿ ಕಂಡಿಲ್ಲ. ಆದ್ರೆ ರಿಫಂಡ್ ಅಂದ್ರೆ ಸಂಬಳವೇ ಅಲ್ವಾ, ಅವರದ್ದೇ ದುಡ್ಡು, ಹೋದ ವರ್ಷ ಕಟ್ ಆಗಿ ಸರ್ಕಾರದ ಹತ್ತಿರ ಕೂತಿತ್ತು, ಈಗ ವಾಪಸ್ ಬಂದದ್ದು ಅಷ್ಟೇ. ಆದ್ರೂ ಅದು ಕೈಗೆ ಬರುವಾಗ ಯಾರೋ ಕೊಟ್ಟ ಹಾಗೆ ಅನಿಸ್ತದೆ, ಮತ್ತೆ ಯಾರೋ ಕೊಟ್ಟ ದುಡ್ಡು ಹೇಗೆ ಖರ್ಚಾಗ್ತದೋ ಹಾಗೇ ಖರ್ಚಾಗ್ತದೆ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಮೆಂಟಲ್ ಅಕೌಂಟಿಂಗ್ ಅಂತ ಹೆಸರುಂಟು, ಮನಸ್ಸಿನೊಳಗಿನ ಲೆಕ್ಕಪುಸ್ತಕ ಅನ್ನಬಹುದು. ಅಮೆರಿಕದ ರಿಚರ್ಡ್ ಥೇಲರ್ ಅನ್ನುವವರು 1980ರ ದಶಕದಲ್ಲಿ ಇದನ್ನು ಸರಿಯಾಗಿ ಬಿಡಿಸಿ ಹೇಳಿದ್ದು, 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಅವರು ಹೇಳುದು ಇಷ್ಟು, 100 ರೂಪಾಯಿ ಎಲ್ಲಿಂದ ಬಂದ್ರೂ 100 ರೂಪಾಯಿಯೇ, ಆದ್ರೆ ನಮ್ಮ ಮನಸ್ಸು ಹಾಗೆ ನೋಡುದಿಲ್ಲ, ಇದು ಸಂಬಳದ್ದು, ಇದು ಬೋನಸ್, ಇದು ಮಗುವಿಗೆ ಬಂದ ಕವರ್, ಇದು ಎಫ್‌ಡಿ ಮುಟ್ಟಬಾರದು ಅಂತ ಬೇರೆ ಬೇರೆ ಡಬ್ಬಿಗೆ ಹಾಕ್ತದೆ, ಮತ್ತೆ ಒಂದೊಂದು ಡಬ್ಬಿಗೆ ಒಂದೊಂದು ಖರ್ಚಿನ ಕಾನೂನು ಮಾಡ್ತದೆ. ಸಂಬಳದ ಡಬ್ಬಿಯಿಂದ 800 ರೂಪಾಯಿಯ ಚಪ್ಪಲಿ ತಗೊಳ್ಳುವಾಗ ಎರಡು ಸಲ ಯೋಚಿಸುವವರು, ಬೋನಸ್ ಡಬ್ಬಿಯಿಂದ 8,000 ತೆಗೆಯುವಾಗ ಒಂದು ಸಲವೂ ಯೋಚಿಸುದಿಲ್ಲ.

ಇಲ್ಲಿ ನಾನು ಒಂದೇ ಮನೆಯ ಲೆಕ್ಕ ಹೇಳ್ತೇನೆ, ನನ್ನ ದೊಡ್ಡಮ್ಮನ ಮಗಳದ್ದು. ಅಕ್ಕನನ್ನು ಕೇಳಿಯೇ ಬರೆಯುದು, "ಹೆಸರು ಹಾಕಬೇಡ, ಲೆಕ್ಕ ಹಾಕು, ಬೇರೆಯವರಿಗಾದ್ರೂ ಉಪಕಾರ ಆಗ್ಲಿ" ಅಂದಿದ್ದಾಳೆ. ಅವಳು ಫಿಸಿಯೋಥೆರಪಿಸ್ಟ್, ಉಡುಪಿಯಲ್ಲಿ ಒಂದು ಆಸ್ಪತ್ರೆಗೆ ಹೋಗುದು, ಆದ್ರೆ ಸಂಬಳದ ಲೆಕ್ಕದಲ್ಲಿ ಅಲ್ಲ, ಕನ್ಸಲ್ಟೆಂಟ್ ಅಂತ ಪ್ರೊಫೆಷನಲ್ ಫೀಸಿನ ಲೆಕ್ಕದಲ್ಲಿ. ತಿಂಗಳಿಗೆ 40,000 ಫೀಸು, ಅದರಲ್ಲಿ 10 ಪರ್ಸೆಂಟ್ ಟಿಡಿಎಸ್ ಅಂತ 4,000 ಕಟ್, ಕೈಗೆ 36,000. ವರ್ಷಕ್ಕೆ 4,80,000 ಆದಾಯ, ಅವಳಿಗೆ ಬೇರೆ ಆದಾಯ ಇಲ್ಲದ ಕಾರಣ ರಿಬೇಟ್ ಎಲ್ಲ ಸೇರಿ ಕಟ್ಟಬೇಕಾದ ತೆರಿಗೆ ಸೊನ್ನೆ, ಹಾಗಾಗಿ ಕಟ್ ಆದ 48,000 ಪೂರ್ತಿ ವಾಪಸ್ ಬರ್ತದೆ. ಅದರ ಮೇಲೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಇಲಾಖೆಯೇ ಸೇರಿಸಿ ಕೊಡ್ತದೆ, ಆಗಸ್ಟಲ್ಲಿ ಬಂದ್ರೆ 5 ತಿಂಗಳದ್ದು 1,200. ಒಟ್ಟು 49,200. (ಆ 1,200 ಮುಂದಿನ ವರ್ಷದ ರಿಟರ್ನಲ್ಲಿ ಆದಾಯ ಅಂತ ತೋರಿಸ್ಬೇಕು, ತುಂಬಾ ಜನ ಬಿಟ್ಟುಬಿಡ್ತಾರೆ.) ಭಾವ ಬೈಕಂಪಾಡಿಯಲ್ಲಿ ಒಂದು ಕಂಪೆನಿಯಲ್ಲಿ ಇರುದು, ಕೈಗೆ 31,000, ದೀಪಾವಳಿಗೆ ಮೊದಲು 28,000 ಬೋನಸ್.

ಎರಡು ವರ್ಷದ ಹಿಂದೆ ಜೂನಲ್ಲಿ ಮಗನನ್ನು ಎಲ್‌ಕೆಜಿಗೆ ಹಾಕಿದ್ರು, ಫೀಸು 38,000. ಆ ಹೊತ್ತಿಗೆ ಕೈಯಲ್ಲಿ ಅಷ್ಟಿರಲಿಲ್ಲ, ಕ್ರೆಡಿಟ್ ಕಾರ್ಡ್ ಉಜ್ಜಿದ್ರು. ಅಕ್ಕ ಆಗ ಹೇಳಿದ್ದು ನಂಗೆ ನೆನಪುಂಟು, "ಆಗಸ್ಟಲ್ಲಿ ರಿಫಂಡ್ ಬರ್ತದಲ್ಲ, ಕಟ್ಟಿಬಿಡ್ತೇನೆ" ಅಂತ. ಆದ್ರೆ ಜುಲೈಯಲ್ಲಿ ರಿಟರ್ನ್ ಫೈಲ್ ಆದ ಕೂಡ್ಲೇ ರಿಫಂಡ್ ಬರುವ ಮೊದಲೇ ವಾಷಿಂಗ್ ಮೆಷಿನ್ ಬಂತು 32,500ದ್ದು, ಮಳೆಗಾಲ, ಬಟ್ಟೆ ಒಣಗುದಿಲ್ಲ, ಹೇಗೂ ರಿಫಂಡ್ ಉಂಟಲ್ಲ ಅಂತ. ಆಗಸ್ಟಲ್ಲಿ ದುಡ್ಡು ಬಂದ ಮೇಲೆ ವಯನಾಡಿಗೆ ಟ್ರಿಪ್, 21,000, ಅದೂ ರಿಫಂಡಿನ ಲೆಕ್ಕದಲ್ಲೇ. ಆಮೇಲೆ ಚೌತಿಗೆ ಒಂದು ಸಣ್ಣ ಬಂಗಾರದ ಓಲೆ, 18,000, "ಬಂಗಾರ ಅಂದ್ರೆ ಖರ್ಚಲ್ಲ" ಅಂತ, ಅದಕ್ಕೂ ರಿಫಂಡೇ ಕಾರಣ. ಕೂಡಿಸಿ ನೋಡಿ, 71,500. ಬಂದದ್ದು 49,200. ಒಂದೇ ರಿಫಂಡನ್ನು ಸುಮಾರು ಒಂದೂವರೆ ಸಲ ಖರ್ಚು ಮಾಡಿದ ಹಾಗಾಯ್ತು, ಮತ್ತೆ ಕಾರ್ಡಿನ ಬಾಕಿ ಇದ್ದ ಹಾಗೇ ಇತ್ತು.

ನಿಮಗೆ ಇದು ಅಕ್ಕನ ತಪ್ಪು ಅನಿಸ್ಬಹುದು, ನಂಗೆ ಹಾಗನಿಸುದಿಲ್ಲ, ಯಾಕಂದ್ರೆ ಹೀಗೇ ಆಗ್ತದೆ ಅಂತ ತೋರಿಸಿದ ಒಂದು ಹಳೆಯ ಅಧ್ಯಯನ ಉಂಟು. ಎರಡನೇ ಮಹಾಯುದ್ಧದ ನಂತರ ಜರ್ಮನಿಯಿಂದ ಇಸ್ರೇಲಿನ ಕೆಲವು ಕುಟುಂಬಗಳಿಗೆ ಪರಿಹಾರದ ದುಡ್ಡು ಬಂತು, ಕೆಲವರಿಗೆ ತುಂಬಾ, ಕೆಲವರಿಗೆ ಸ್ವಲ್ಪ. ಮೈಕಲ್ ಲ್ಯಾಂಡ್ಸ್‌ಬರ್ಗರ್ ಅನ್ನುವ ಅರ್ಥಶಾಸ್ತ್ರಜ್ಞರು ಆ ಕುಟುಂಬಗಳ ಖರ್ಚು ನೋಡಿ 1966ರಲ್ಲಿ ಪ್ರಕಟ ಮಾಡಿದ್ರು. ವರ್ಷದ ಆದಾಯದ ಮೂರರಲ್ಲಿ ಎರಡು ಪಾಲಿನಷ್ಟು ದೊಡ್ಡ ಮೊತ್ತ ಬಂದವರು ಅದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಖರ್ಚು ಮಾಡಿ ಉಳಿದದ್ದು ಇಟ್ಟುಕೊಂಡಿದ್ರು. ಆದಾಯದ 7 ಪರ್ಸೆಂಟಿನಷ್ಟು ಸಣ್ಣ ಮೊತ್ತ ಬಂದವರು ಬಂದದ್ದರ ಹೆಚ್ಚುಕಡಿಮೆ ಎರಡು ಪಟ್ಟು ಖರ್ಚು ಮಾಡಿದ್ರು! ದೊಡ್ಡ ದುಡ್ಡು ಬಂದ್ರೆ ಮನೆಯವರೆಲ್ಲ ಕೂತು ಮಾತಾಡ್ತಾರೆ, ಜಾಗ ತಗೊಳ್ಳುವಾ, ಸಾಲ ತೀರಿಸುವಾ ಅಂತ. ಸಣ್ಣ ದುಡ್ಡಿನ ಬಗ್ಗೆ ಯಾರೂ ಕೂತು ಮಾತಾಡುದಿಲ್ಲ, ಅದು "ಹೇಗೂ ಬಂತಲ್ಲ" ಅನ್ನುವ ಒಂದು ಪರ್ಮಿಶನ್ ಆಗ್ತದೆ, ಆ ಪರ್ಮಿಶನ್ನನ್ನು ಗಂಡ ಒಂದು ಸಲ ಬಳಸ್ತಾರೆ, ಹೆಂಡತಿ ಒಂದು ಸಲ ಬಳಸ್ತಾರೆ, ಮಕ್ಕಳ ಹೆಸರಲ್ಲಿ ಇನ್ನೊಂದು ಸಲ. ಅಕ್ಕನ ಮನೆಗೆ ಇಬ್ಬರದ್ದೂ ಸೇರಿ ವರ್ಷಕ್ಕೆ ಕೈಗೆ ಬರುದು 8 ಲಕ್ಷದ ಹತ್ತಿರ, 49,200 ಅಂದ್ರೆ ಅದರ 6 ಪರ್ಸೆಂಟ್. ನಮ್ಮಲ್ಲಿ ಹೆಚ್ಚಿನವರಿಗೆ ಬರುವ ರಿಫಂಡು ಬೋನಸು ಎಲ್ಲ ಈ ಸೈಜಿನದ್ದೇ, ಹಾಗಾಗಿ ನಾನು ಹೇಳುದು, ಲಾಟರಿ ಹೊಡೆದವರಿಗಿಂತ ಹೆಚ್ಚು ಎಚ್ಚರ 20,000 ರಿಂದ 60,000 ಬರುವವರಿಗೆ ಬೇಕು.

ಇನ್ನು ಆ ಕಾರ್ಡಿನ ಬಾಕಿ ಎಂತ ಮಾಡ್ತು ನೋಡಿ. 35,000 ಹತ್ತಿರ ನಿಂತಿತ್ತು, ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ, ಅಂದ್ರೆ 1,225, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,445. ಇವರು ಮಿನಿಮಮ್ ಡ್ಯೂಗಿಂತ ಸ್ವಲ್ಪ ಹೆಚ್ಚು ಕಟ್ತಾ ಇದ್ರು, ಆದ್ರೆ ಅದೇ ಕಾರ್ಡಲ್ಲಿ ಪೆಟ್ರೋಲು, ದಿನಸಿ ಸಾಮಾನು ಎಲ್ಲ ಹೋಗ್ತಾ ಇತ್ತು, ಹಾಗಾಗಿ ಬಾಕಿ ಇಳಿಯಲೇ ಇಲ್ಲ. ತುಂಬಾ ಜನರಿಗೆ ಗೊತ್ತಿರುದಿಲ್ಲ, ಹಳೇ ಬಾಕಿ ಪೂರ್ತಿ ಕಟ್ಟದೆ ಇದ್ರೆ ಹೊಸದಾಗಿ ಉಜ್ಜಿದ್ದಕ್ಕೂ ಉಜ್ಜಿದ ದಿನದಿಂದಲೇ ಬಡ್ಡಿ, ಆ ಬಡ್ಡಿ ಇಲ್ಲದ ದಿನಗಳ ಸೌಲಭ್ಯ ಹೋಗ್ತದೆ. ಒಂದು ವರ್ಷಕ್ಕೆ 17,000 ಹತ್ತಿರ ಬಡ್ಡಿಗೇ ಹೋಯ್ತು. ಅದೇ ಹೊತ್ತಿಗೆ ಮಗನ ಹೆಸರಲ್ಲಿ ಅಂತ 40,000 ಎಫ್‌ಡಿ ಆರೂವರೆ ಪರ್ಸೆಂಟಿಗೆ ಕೂತಿತ್ತು. ಅತ್ತ ವರ್ಷಕ್ಕೆ 42 ಪರ್ಸೆಂಟ್ ಕೊಡುದು, ಇತ್ತ ಆರೂವರೆ ತಗೊಳ್ಳುದು. ಒಂದೇ ಮನೆ, ಒಂದೇ ಹೆಂಗಸು, ಆದ್ರೆ ಮನಸ್ಸಲ್ಲಿ ಎರಡು ಡಬ್ಬಿ, ಅದು ಮಗಂದು, ಇದು ಕಾರ್ಡಿಂದು. ಡಬ್ಬಿಗಳು ಒಂದಕ್ಕೊಂದು ಮಾತಾಡುದಿಲ್ಲ, ಮೆಂಟಲ್ ಅಕೌಂಟಿಂಗಿನ ನಿಜವಾದ ನಷ್ಟ ಇದೇ.

ದೀಪಾವಳಿಯ ಬೋನಸ್ ಕಥೆ ಬೇಗ ಹೇಳಿ ಮುಗಿಸ್ತೇನೆ, 28,000 ಬಂತು, ಬಟ್ಟೆ, ಭಾವನ ಫೋನು, ಊರಿಗೆ ಹೋಗಿ ಬಂದದ್ದು, ನವೆಂಬರಲ್ಲಿ ಏನೂ ಇಲ್ಲ. ಜನವರಿಯಲ್ಲಿ ಮಗಳ ತೊಟ್ಟಿಲು ಹಾಕುವ ಕಾರ್ಯಕ್ರಮ, ಕವರಲ್ಲಿ 21,500 ಬಂತು. ಈ ಕವರಿನ ದುಡ್ಡು ಎಲ್ಲಕ್ಕಿಂತ ಕಷ್ಟದ್ದು ಅಂತ ನಂಗೆ ಕಾಣ್ತದೆ, ಯಾಕಂದ್ರೆ ಅದು ಕ್ಯಾಶ್, ಬ್ಯಾಂಕಿಗೇ ಹೋಗುದಿಲ್ಲ. ಕಪಾಟಿನಲ್ಲಿ ಸೀರೆಯ ಅಡಿಯಲ್ಲಿ ಇಟ್ಟದ್ದು, ಮೀನಿಗೆ 500, ಗ್ಯಾಸಿಗೆ ಒಂದು ಸಾವಿರ, ಯಾರೋ ಬಂದ್ರು ಅಂತ ಹೋಟೆಲಿಗೆ 1,800, ಆರು ವಾರದಲ್ಲಿ ಕವರ್ ಖಾಲಿ, ಎಂತಕ್ಕೆ ಹೋಯ್ತು ಅಂತ ಕೇಳಿದ್ರೆ ಇಬ್ಬರಿಗೂ ಗೊತ್ತಿಲ್ಲ. ಆಮೇಲೆ ಏಪ್ರಿಲ್ ಮೇ ತಿಂಗಳಲ್ಲಿ ಮದುವೆ ಸೀಸನ್, ಕವರ್ ಕೊಟ್ಟವರ ಮನೆಯಲ್ಲೇ ಮದುವೆ, ಗೃಹಪ್ರವೇಶ, ನಾವು ಕವರ್ ಕೊಡ್ಬೇಕಲ್ಲ. ಅದು ಮಾತ್ರ ಸಂಬಳದಿಂದ ಹೋಯ್ತು. ನಮ್ಮ ಕಡೆ ಯಾರು ಎಷ್ಟು ಹಾಕಿದ್ರು ಅಂತ ಪುಸ್ತಕದಲ್ಲಿ ಬರೆದಿಡುದು ಸುಮ್ಮನೆ ಅಲ್ಲ, ಆ ದುಡ್ಡಿನಲ್ಲಿ ಒಂದು ಪಾಲು ವಾಪಸ್ ಹೋಗ್ಲಿಕ್ಕೇ ಇರುದು. ಬರೆದಿಟ್ಟ ಅಮ್ಮಂದಿರಿಗೆ ಅದು ಗೊತ್ತಿತ್ತು, ದುಡ್ಡು ಖರ್ಚು ಮಾಡುವ ನಮಗೆ ಮರೆತು ಹೋಗ್ತದೆ.

ಮರುವರ್ಷ ಜೂನಲ್ಲಿ ಮತ್ತೆ ಫೀಸು ಬಂತು, ಆಗ ಬೇರೆ ದಾರಿ ಇಲ್ಲದೆ ಆ ಮಗನ ಎಫ್‌ಡಿಯನ್ನೇ ಮುರಿದ್ರು. ಆ ಜುಲೈಯಲ್ಲಿ ರಿಟರ್ನ್ ಮಾಡಿಸ್ಲಿಕ್ಕೆ ಬಂದವಳು ನನ್ನ ಟೇಬಲಿನ ಎದುರು ಕೂತು, "ನಾವು ದುಂದು ಮಾಡುದಿಲ್ಲ ಅಲ್ವಾ, ಮತ್ತೆ ಯಾಕೆ ಹೀಗೆ" ಅಂತ ಕೇಳಿದ್ಳು, ಕಣ್ಣಲ್ಲಿ ನೀರಿತ್ತು. ಆವಾಗ ನಾವಿಬ್ಬರು ಪಾಸ್‌ಬುಕ್ ತೆಗೆದು ಮೇಲಿನ ಲೆಕ್ಕ ಎಲ್ಲ ಬರೆದದ್ದು. ರಿಫಂಡ್, ಬೋನಸ್, ಕವರ್ ಸೇರಿ ವರ್ಷಕ್ಕೆ 98,700 ಬಂದಿತ್ತು, ಫೀಸು 38,000. ದುಡ್ಡು ಮನೆಯಲ್ಲೇ ಇತ್ತು.

ಇದಕ್ಕೆ ಮದ್ದು ಎಂತ ಅಂದ್ರೆ, ಡಬ್ಬಿ ಮಾಡುದನ್ನು ಬಿಡುದು ಅಲ್ಲ. ಅದು ಆಗುವ ಕೆಲಸವೂ ಅಲ್ಲ, ಒಳ್ಳೆಯದೂ ಅಲ್ಲ. ನಮ್ಮ ಊರಲ್ಲಿ ಡಬ್ಬಿಯ ಶಕ್ತಿ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು, ಆಗ ಅದಕ್ಕೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಹೆಸರು, ಪಿಗ್ಮಿ ಡೆಪಾಸಿಟ್ ಶುರು ಮಾಡಿತು, ಏಜೆಂಟರು ದಿನಾ ಬಾಗಿಲಿಗೆ ಬಂದು 2 ಆಣೆಯಾದ್ರೂ ತಗೊಂಡು ಹೋಗ್ತಿದ್ರು. ಆ 2 ಆಣೆ ಮನೆಯಲ್ಲಿ ಇದ್ರೆ ಸಂಜೆಯೊಳಗೆ ಖರ್ಚು, ಪಿಗ್ಮಿ ಅಂತ ಹೆಸರು ಬಿದ್ದು ಬಾಗಿಲು ದಾಟಿದ್ರೆ ಉಳಿತಾಯ. ಈಗಲೂ ಅಂಗಡಿಯವರು ಸೊಸೈಟಿಗಳಿಗೆ ಪಿಗ್ಮಿ ಕಟ್ತಾರೆ. ಆದ್ರೆ ಒಂದು ವಿಷಯ ಗಮನಿಸಿ, ದಿನಾ 100 ರೂಪಾಯಿ ಹಾಗೆ ವರ್ಷ ಪೂರ್ತಿ ಕಷ್ಟದಲ್ಲಿ ಕಟ್ಟಿದ ಅದೇ ವ್ಯಕ್ತಿ, ಪಿಗ್ಮಿ ಮೆಚೂರ್ ಆಗಿ 36,000 ಕೈಗೆ ಬಂದ ದಿನ ಅದನ್ನು ಬೋನಸ್ ಬಂದ ಹಾಗೆ ನೋಡ್ತಾರೆ. ಕಟ್ಟುವಾಗ ಇದ್ದ ಹೆಸರು ಬರುವಾಗ ಕಳಚಿ ಬಿತ್ತು.

ಹೆಸರು ಬದಲಾದ್ರೆ ಖರ್ಚು ಬದಲಾಗ್ತದೆ ಅಂತ ಪ್ರಯೋಗ ಮಾಡಿಯೂ ನೋಡಿದ್ದಾರೆ. ನಿಕೋಲಸ್ ಎಪ್ಲಿ ಮತ್ತು ಅವರ ಜೊತೆಯವರು 2006ರಲ್ಲಿ ಪ್ರಕಟ ಮಾಡಿದ್ದು, ಹಾರ್ವರ್ಡಿನ ವಿದ್ಯಾರ್ಥಿಗಳಿಗೆ 50 ಡಾಲರ್ ಕೊಟ್ರು, ಕೆಲವರಿಗೆ ಇದು ಬೋನಸ್ ಅಂದ್ರು, ಕೆಲವರಿಗೆ ಇದು ನೀವು ಕಟ್ಟಿದ ಫೀಸಿನಲ್ಲಿ ವಾಪಸ್ ಬಂದದ್ದು ಅಂದ್ರು. ವಾರ ಬಿಟ್ಟು ಕೇಳಿದಾಗ ಬೋನಸ್ ಅಂತ ಕೇಳಿದವರು ಸರಾಸರಿ 22 ಡಾಲರಿನಷ್ಟು ಖರ್ಚು ಮಾಡಿದ್ರು, ವಾಪಸ್ ಬಂದದ್ದು ಅಂತ ಕೇಳಿದವರು 10 ಡಾಲರಿನಷ್ಟು. ಅದೇ ನೋಟು, ಅದೇ ಮೊತ್ತ. "ನಿನ್ನದೇ ದುಡ್ಡು ನಿನಗೇ ಬಂತು" ಅನ್ನುವ ಒಂದು ಮಾತಿಗೆ ಅರ್ಧದಷ್ಟು ಖರ್ಚು ತಡೆಯುವ ಶಕ್ತಿ ಉಂಟು.

ಹಾಗಾಗಿ ನಾವು ಮೊದಲು ಮಾಡಿದ್ದು ಹೆಸರು ಬದಲಿಸುದು. ಅಕ್ಕನ ಪುಸ್ತಕದಲ್ಲಿ ರಿಫಂಡ್ ಅಂತ ಬರೆಯುದಿಲ್ಲ ಈಗ, "12 ತಿಂಗಳ 4,000" ಅಂತ ಬರೆಯುದು. ಕೇಳ್ಲಿಕ್ಕೆ ಸಣ್ಣ ವಿಷಯ, ಆದ್ರೆ ಹಾಗೆ ಬರೆದ ಮೇಲೆ ಅವಳಿಗೇ ಅನಿಸ್ತು, ಇದು ಪ್ರತಿ ತಿಂಗಳು ನಾನು ದುಡಿದ ಸಂಬಳದ ತುಂಡು ಅಂತ. ಎರಡನೇದ್ದು, ದುಡ್ಡು ಬರುವ ಮೊದಲೇ ಅದು ಎಲ್ಲಿಗೆ ಅಂತ ಬರೆಯುದು. ಬಂದ ಮೇಲೆ ಕೂತು ಮಾತಾಡಿದ್ರೆ ಆಗುದಿಲ್ಲ, ಆಗ ಪ್ರತಿಯೊಬ್ಬರ ತಲೆಯಲ್ಲೂ ಅದು ಖರ್ಚಾಗಿ ಆಗಿರ್ತದೆ. ಇನ್ನೂ ಕೈಗೆ ಬಾರದ ದುಡ್ಡನ್ನು ಉಳಿಸ್ತೇನೆ ಅಂತ ಒಪ್ಪುದು ಸುಲಭ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಇದನ್ನೇ ಒಂದು ಕಂಪೆನಿಯ ನೌಕರರಲ್ಲಿ ಮಾಡಿ 2004ರಲ್ಲಿ ಬರೆದ್ರು, ಈಗ ಕಟ್ ಮಾಡ್ಬೇಡಿ, ಮುಂದೆ ಸಂಬಳ ಏರಿದಾಗ ಆ ಏರಿದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗ್ಲಿ ಅಂತ ಮೊದಲೇ ಸಹಿ ಮಾಡಿಸಿಕೊಂಡ್ರು, 40 ತಿಂಗಳಲ್ಲಿ ಆ ನೌಕರರ ಉಳಿತಾಯ ಸಂಬಳದ 3.5 ಪರ್ಸೆಂಟಿನಿಂದ 13.6ಕ್ಕೆ ಹೋಯ್ತು.

ಮೂರನೇದ್ದು ದಾರಿ, ನನ್ನ ಪ್ರಕಾರ ಅರ್ಧ ಕೆಲಸ ಇದರಿಂದಲೇ ಆಗುದು. ದುಡ್ಡು ಸಂಬಳದ ಅಕೌಂಟಿಗೆ ಬಂದು ಅಲ್ಲಿಂದ ನೀವು ತೆಗೆದು ಇಡ್ಬೇಕು ಅಂತಾದ್ರೆ ಅದು ಆಗುದಿಲ್ಲ, ಅದು ಬರುದೇ ಬೇರೆ ಅಕೌಂಟಿಗೆ ಆಗ್ಬೇಕು. ಇನ್‌ಕಮ್ ಟ್ಯಾಕ್ಸ್ ರಿಫಂಡಿಗೆ ಇದು ತುಂಬಾ ಸುಲಭ. ಅಕ್ಕನ ಹೆಸರಲ್ಲಿ ಇನ್ನೊಂದು ಸೇವಿಂಗ್ಸ್ ಅಕೌಂಟ್ ಇತ್ತು, ಕಾಲೇಜಿನ ಕಾಲದ್ದು, ಅದಕ್ಕೆ ಎಟಿಎಂ ಕಾರ್ಡೂ ಇಲ್ಲ, ಯುಪಿಐ ಕೂಡ ಸೇರಿಸಿರಲಿಲ್ಲ, ನಮಗೆ ಬೇಕಾದದ್ದು ಅಂಥದ್ದೇ. ಇ-ಫೈಲಿಂಗ್ ಪೋರ್ಟಲಲ್ಲಿ ಲಾಗಿನ್ ಆಗಿ ಪ್ರೊಫೈಲಿನ ಬ್ಯಾಂಕ್ ಅಕೌಂಟ್ ಜಾಗದಲ್ಲಿ ಆ ಅಕೌಂಟ್ ಸೇರಿಸಿ ವ್ಯಾಲಿಡೇಟ್ ಮಾಡಿದೆವು, ಅದರ ಎದುರು Nominate for Refund ಆನ್ ಮಾಡಿದೆವು, ಸಂಬಳದ ಅಕೌಂಟಿನ ಎದುರು ಆಫ್ ಮಾಡಿದೆವು, ರಿಟರ್ನ್ ಒಳಗೂ ರಿಫಂಡಿಗೆ ಅದೇ ಅಕೌಂಟಿಗೆ ಟಿಕ್. ಇದರಲ್ಲಿ ತಪ್ಪುದು ಎಲ್ಲಿ ಅಂದ್ರೆ ಹೆಸರಲ್ಲಿ. ಬ್ಯಾಂಕಲ್ಲಿ ಮದುವೆಗೆ ಮೊದಲಿನ ಹೆಸರು, ಪ್ಯಾನಲ್ಲಿ ಈಗಿನ ಹೆಸರು ಇದ್ರೆ ವ್ಯಾಲಿಡೇಶನ್ ಆಗುದಿಲ್ಲ, ಅಕೌಂಟ್ ವರ್ಷಗಟ್ಟಲೆ ಮುಟ್ಟದೆ ಇನ್‌ಆಪರೇಟಿವ್ ಆಗಿದ್ರೂ ಕಷ್ಟ, ರಿಫಂಡ್ ಫೇಲ್ ಆಗಿ ಮತ್ತೆ ರೀಇಶ್ಯೂ ರಿಕ್ವೆಸ್ಟ್ ಹಾಕ್ಬೇಕಾಗ್ತದೆ. ಅದಕ್ಕೆ ಜೂನಲ್ಲೇ ಬ್ಯಾಂಕಿಗೆ ಹೋಗಿ ಕೆವೈಸಿ ಸರಿ ಮಾಡಿಸಿ, ಜುಲೈ ಕೊನೆಗೆ ಓಡಬೇಡಿ.

ಹಾಗಾದ್ರೆ ಆ 4,000 ಕಟ್ ಆಗದ ಹಾಗೇ ಮಾಡ್ಬಹುದಲ್ಲ ಅಂತ ಕೇಳ್ಬಹುದು, ಅಕ್ಕನೂ ಕೇಳಿದ್ಳು. ಮಾಡ್ಬಹುದು, ಕಡಿಮೆ ದರದಲ್ಲಿ ಅಥವಾ ಸೊನ್ನೆ ಟಿಡಿಎಸ್ ಕಟ್ ಮಾಡ್ಲಿಕ್ಕೆ ಇಲಾಖೆಗೆ ಅರ್ಜಿ ಹಾಕಿ ಸರ್ಟಿಫಿಕೇಟ್ ತಗೊಂಡು ಆಸ್ಪತ್ರೆಗೆ ಕೊಡ್ಲಿಕ್ಕಾಗ್ತದೆ, ಹಿಂದಿನ ವರ್ಷಗಳ ರಿಟರ್ನ್, ಈ ವರ್ಷದ ಅಂದಾಜು ಆದಾಯ ಎಲ್ಲ ಕೊಡ್ಬೇಕು, ಮತ್ತೆ ಅದು ಆ ಹಣಕಾಸು ವರ್ಷಕ್ಕೆ ಮಾತ್ರ. ಲೆಕ್ಕದ ಪ್ರಕಾರ ಅದೇ ಸರಿ, ಯಾಕಂದ್ರೆ ಏಪ್ರಿಲಲ್ಲಿ ಕಟ್ ಆದ ಮೊದಲ 4,000ಕ್ಕೆ ಮುಂದಿನ ಏಪ್ರಿಲ್ ತನಕ ಒಂದು ಪೈಸೆ ಬಡ್ಡಿ ಇಲ್ಲ, ಅತ್ತ ಕಾರ್ಡಿಗೆ ಆಗ 42 ಪರ್ಸೆಂಟ್ ಕೊಡ್ತಾ ಇದ್ಳು. ಆದ್ರೆ ನಾನು ಅವಳಿಗೆ ಹೇಳಿದ್ದು, ಕಾರ್ಡಿನ ಬಾಕಿ ಹೇಗೂ ಈ ಆಗಸ್ಟಲ್ಲಿ ತೀರ್ತದೆ, ಆಮೇಲೆ ಒಂದು ವರ್ಷ ಹೀಗೇ ಇರ್ಲಿ ಅಂತ. ತಿಂಗಳಿಗೆ 4,000 ಹೆಚ್ಚು ಬಂದ್ರೆ ಅದು ತಿಂಗಳ ಖರ್ಚಿನಲ್ಲಿ ಕರಗದೆ ನಿಲ್ತದೆ ಅನ್ನುವ ಅಭ್ಯಾಸ ಇನ್ನೂ ಆಗಿಲ್ಲ. ಅಭ್ಯಾಸ ಆದವರು, ಬಾಕಿ ಸಾಲ ಇರುವವರು ಸರ್ಟಿಫಿಕೇಟಿಗೆ ಹೋಗುದೇ ಒಳ್ಳೇದು.

ಮೊತ್ತ ಹೇಗೆ ಹಂಚಿದ್ದು ಅಂತ ಹೇಳ್ತೇನೆ. ಆ ಆಗಸ್ಟಲ್ಲಿ 49,200 ಆ ಹಳೇ ಅಕೌಂಟಿಗೆ ಬಂತು. ಮರುದಿನ ಚೆಕ್ ಹಾಕಿ 35,000 ಕಾರ್ಡಿಗೆ, ಬಾಕಿ ಪೂರ್ತಿ ಸೊನ್ನೆ. 42 ಪರ್ಸೆಂಟ್ ಬಡ್ಡಿಯ ಸಾಲ ಇರುವಾಗ ಬೇರೆ ಯಾವ ಗುರಿಯೂ ಅದರ ಮುಂದೆ ನಿಲ್ಲುದಿಲ್ಲ, ಈ ವಿಷಯದಲ್ಲಿ ನಾನು ಯಾರ ಹತ್ತಿರವೂ ರಾಜಿ ಆಗುದಿಲ್ಲ. 5,000 ಅವಳಿಗೆ, ಅದಕ್ಕೆ ಲೆಕ್ಕ ಕೇಳುವ ಹಾಗಿಲ್ಲ, ಸೀರೆಯೋ ಹೋಟೆಲೋ ಅವಳಿಷ್ಟ. ಉಳಿದ 9,200 ಅಲ್ಲೇ, ಅಕೌಂಟಿಗೆ ಈಗ "ಜೂನ್ ಫೀಸು" ಅಂತ ಹೆಸರು. ಈ 10 ಪರ್ಸೆಂಟಿನಷ್ಟು ಖುಷಿಗೆ ಅಂತ ಬಿಡುದು ಕಡ್ಡಾಯ ಇಟ್ಟುಕೊಳ್ಳಿ, ನಾನು ಕಂಡ ಹಾಗೆ ಪೂರ್ತಿ ಉಳಿಸ್ತೇನೆ ಅಂತ ಹೊರಟವರು ಎರಡನೇ ವರ್ಷಕ್ಕೆ ಪೂರ್ತಿ ಬಿಟ್ಟಿದ್ದಾರೆ, ಮನೆಯವರಿಗೂ ಆ ಅಕೌಂಟಿನ ಮೇಲೆ ಸಿಟ್ಟು ಬರ್ತದೆ.

ದೀಪಾವಳಿಗೆ ಭಾವನ ಬೋನಸ್ 28,000. ಅದು ಸಂಬಳದ ಅಕೌಂಟಿಗೇ ಬರುದು, ಕಂಪೆನಿಯವರು ಬೇರೆ ಕಡೆ ಹಾಕುದಿಲ್ಲ. ಹಾಗಾಗಿ ಭಾವ ಬ್ಯಾಂಕ್ ಆ್ಯಪಲ್ಲಿ ಆ ಫೀಸಿನ ಅಕೌಂಟನ್ನು ಮೊದಲೇ ಸೇರಿಸಿಟ್ಟು, ಮೆಸೇಜ್ ಬಂದ ಅದೇ ದಿನ 22,000 ಕಳಿಸಿದ್ರು, 6,000 ಹಬ್ಬಕ್ಕೆ. ಅವರು ಮೊದಲು ಒಪ್ಪಿರಲಿಲ್ಲ, "ಬೋನಸ್ ಅಂದ್ರೆ ವರ್ಷಕ್ಕೊಮ್ಮೆ ಸಂತೋಷ ಅಲ್ವಾ ಮಾರಾಯ್ತಿ, ಅದನ್ನೂ ಶಾಲೆಗೆ ಕಟ್ಟುದಾ" ಅಂದ್ರು. ಆ ಮಾತಲ್ಲಿ ಸತ್ಯ ಉಂಟು, ನಾನು ಅವರಿಗೆ ಹೇಳಿದ್ದು ಒಂದೇ, ಬೋನಸಿನ ಕಾನೂನಲ್ಲಿ ಕನಿಷ್ಠ 8.33 ಪರ್ಸೆಂಟ್ ಅಂತ ಇರುದಲ್ಲ, ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡಿ, 100ನ್ನು 12ರಿಂದ ಭಾಗಿಸಿದ್ರೆ 8.33, ಹನ್ನೆರಡರಲ್ಲಿ ಒಂದು ಪಾಲು, ಹದಿಮೂರನೇ ತಿಂಗಳ ಸಂಬಳ ಇದ್ದ ಹಾಗೆ, ವರ್ಷ ಇಡೀ ನೀವು ಬೈಕಂಪಾಡಿಗೆ ಬಸ್ಸಲ್ಲಿ ನಿಂತು ಹೋದದ್ದಕ್ಕೆ ಸಿಗುವ ಕೂಲಿ ಅದು. ಅವರು ಸುಮ್ಮನಾದ್ರು, ಆಮೇಲೆ 4,000 ಹಬ್ಬಕ್ಕೆ ಅಂತ ನಾನು ಬರೆದದ್ದನ್ನು 6,000 ಮಾಡಿಸಿಕೊಂಡು ಒಪ್ಪಿದ್ರು. ಅದು ಸರಿಯೇ, ಅವರು ಒಪ್ಪಿ ಕೊಟ್ಟದ್ದು ಮಾತ್ರ ಮುಂದಿನ ವರ್ಷವೂ ನಡೀತದೆ.

ಕಾರ್ಡಿನ ಬಡ್ಡಿ ನಿಂತದ್ದರಿಂದ ತಿಂಗಳಿಗೆ 1,445 ಉಳೀತಲ್ಲ, ಅದರಲ್ಲಿ 1,000 ಸೆಪ್ಟೆಂಬರಿಂದ ಮೇ ತನಕ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿ ಫೀಸಿನ ಅಕೌಂಟಿಗೆ, 9 ತಿಂಗಳಿಗೆ 9,000. 9,200, 22,000, 9,000 ಸೇರಿ 40,200. ಈ ವರ್ಷದ ಫೀಸು 40,000 ಆಗಿತ್ತು.

ಕವರಿನ ದುಡ್ಡಿಗೆ ಈಗ ಅವರ ಮನೆಯಲ್ಲಿ ಇರುವ ನಿಯಮ ಹೀಗೆ, ಕಾರ್ಯಕ್ರಮ ಆದ ವಾರದೊಳಗೆ ಪುಸ್ತಕದಲ್ಲಿ ಬರೆದು ಕ್ಯಾಶ್ ಪೂರ್ತಿ ಬ್ಯಾಂಕಿಗೆ, ಅರ್ಧ ಮುಂದೆ ಕೊಡ್ಬೇಕಾದ ಕವರುಗಳಿಗೆ ಅಂತ ಬೇರೆ ಇಡುದು, ಅರ್ಧ ಮಗುವಿಗೆ. ಅಜ್ಜಿ ಮಗುವಿನ ಕೈಗೆ ಕೊಟ್ಟ 500, ಕ್ಯಾಶ್‌ಬ್ಯಾಕ್ 150, ಇಂಥ ಸಣ್ಣದ್ದಕ್ಕೆಲ್ಲ ಹಂಚುವ ಲೆಕ್ಕ ಬೇಡ, ತಲೆ ಕೆಡ್ತದೆ, ಒಂದು ಡಬ್ಬಿಗೆ ಹಾಕಿ 5,000 ಆದ ದಿನ ಬ್ಯಾಂಕಿಗೆ.

ಇಷ್ಟೆಲ್ಲ ಮಾಡಿದ್ರೂ ಒಂದು ಮೋಸ ಆಗ್ತದೆ, ಅದನ್ನು ನೋಡದೆ ಇದ್ರೆ ಎಲ್ಲ ಸುಳ್ಳು. ಫೀಸಿನ ಅಕೌಂಟಲ್ಲಿ ದುಡ್ಡು ಬೆಳೀತಾ ಇರ್ತದೆ, ನೋಡಿ ಖುಷಿ, ಆದ್ರೆ ಅಷ್ಟೇ ಮೊತ್ತ ಇನ್ನೊಂದು ಕಡೆ ಕಾರ್ಡಲ್ಲಿ ಬೆಳೀತಾ ಇರ್ತದೆ, "ಉಳಿತಾಯ ಉಂಟಲ್ಲ" ಅನ್ನುವ ಧೈರ್ಯದಲ್ಲಿ. ಅದನ್ನು ಹಿಡಿಯಲಿಕ್ಕೆ ಒಂದೇ ಲೆಕ್ಕ ಸಾಕು. ದುಡ್ಡು ಬರುವ ಮೊದಲಿನ ದಿನ ಎಲ್ಲ ಅಕೌಂಟಿನ ಬ್ಯಾಲೆನ್ಸ್, ಡೆಪಾಸಿಟ್ ಕೂಡಿಸಿ ಅದರಿಂದ ಕಾರ್ಡ್, ಸಾಲದ ಬಾಕಿ ಕಳೀರಿ, ಆ ಒಂದು ಸಂಖ್ಯೆ ಬರೆದಿಡಿ. ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ಅದೇ ಲೆಕ್ಕ ಮಾಡಿ. ಅಕ್ಕನದ್ದು ಜುಲೈ 31ಕ್ಕೆ ಬ್ಯಾಂಕಲ್ಲಿ 14,000, ಕಾರ್ಡ್ ಬಾಕಿ 35,000, ಅಂದ್ರೆ ಸೊನ್ನೆಗಿಂತ 21,000 ಕೆಳಗೆ. ನವೆಂಬರ್ 30ಕ್ಕೆ ಬ್ಯಾಂಕಲ್ಲಿ 10,000, ಫೀಸಿನ ಅಕೌಂಟಲ್ಲಿ 34,200, ಕಾರ್ಡಲ್ಲಿ 2,800, ಅಂದ್ರೆ ಸೊನ್ನೆಗಿಂತ 41,400 ಮೇಲೆ. ವ್ಯತ್ಯಾಸ 62,400. ನಾವು ಸಾಲಕ್ಕೆ, ಫೀಸಿಗೆ ಅಂತ ಕಳಿಸಿದ್ದು ಒಟ್ಟು 69,200. ಹಾಗಾದ್ರೆ 6,800 ಎಲ್ಲೋ ಸೋರಿದೆ.

ಹುಡುಕಿದಾಗ ಸಿಕ್ಕಿತು. ಹಬ್ಬಕ್ಕೆ ಅಂತ ಇಟ್ಟದ್ದು 6,000, ಹೋದದ್ದು 10,000ದ ಹತ್ತಿರ, ಊರಿಗೆ ಹೋಗಿ ಬರುವ ಕಾರ್ ಬಾಡಿಗೆ ಯಾರೂ ಬರೆದಿರಲಿಲ್ಲ. ಕಾರ್ಡಿನ 2,800 ಆ ತಿಂಗಳ ಪೆಟ್ರೋಲು ಸಾಮಾನು, ಅದು ಡ್ಯೂ ಡೇಟಿಗೆ ಪೂರ್ತಿ ಕಟ್ಟಿ ಆಯ್ತು. ಈ ವರ್ಷದ ಹಾಳೆಯಲ್ಲಿ ಅಕ್ಕ ಬೋನಸಿನ ಎದುರು ಹಬ್ಬಕ್ಕೆ 9,000, ಕಾರ್ ಬಾಡಿಗೆ ಸೇರಿ ಅಂತ ಬರೆದಿದ್ದಾಳೆ, ಫೀಸಿಗೆ 19,000, ಕಮ್ಮಿ ಬೀಳುವ 3,000 ರಿಫಂಡಿನಿಂದ. ಕಾರ್ಡಿಗೆ ಈ ಸಲ ಏನೂ ಕೊಡ್ಲಿಕ್ಕಿಲ್ಲ, ಹಾಗಾಗಿ ರಿಫಂಡಿನಲ್ಲಿ ದೊಡ್ಡ ಪಾಲು ಉಳೀತದೆ, ಅದರಲ್ಲಿ ಮುರಿದ ಎಫ್‌ಡಿಯ 40,000ದಲ್ಲಿ 32,000 ವಾಪಸ್ ಕಟ್ಟುದು ಅಂತ ಕೆಳಗೆ ಭಾವನ ಅಕ್ಷರದಲ್ಲಿ ಉಂಟು.